ಮಲೇರಿಯ ಮಾತ್ರೆ ಶುರುವಾದ ಮೇಲೆ ಕೆಟ್ಟ ಕನಸು: ಮುಂದುವರಿಸಬಹುದೇ?

ಪ್ರಶ್ನೆ: ಡಾಕ್ಟ್ರೇ, ನಾವು ಬಂಗಾರಪೇಟೆಯವರು. ನಮ್ಮ ಯಜಮಾನರು ಮಾರ್ಚ್ 20ಕ್ಕೆ ತಾಂಜಾನಿಯಾದ ಗೇಟಾ ಚಿನ್ನದ ಗಣಿಗೆ ಕೆಲಸದ ಮೇಲೆ ಹೊರಟಿದ್ದಾರೆ. ಜೂನ್ 18ಕ್ಕೆ ವಾಪಸ್ಸು. ಅಲ್ಲಿ ಮಲೇರಿಯ ಜಾಸ್ತಿ ಅಂತ ವಾರಕ್ಕೊಂದು ಮೆಫ್ಲೊಕ್ವಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಮಾರ್ಚ್ 1 ಮತ್ತು 8ರಂದು ಎರಡು ಆಯ್ತು. ಆವಾಗಿನಿಂದ ಸುರಂಗದಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಕನಸು ಬಿದ್ದು, ಬೆವತುಕೊಂಡು ಎದ್ದು ಕೂರ್ತಾರೆ. ಎದ್ದ ಮೇಲೂ ಕನಸೋ ನಿಜವೋ ಸ್ವಲ್ಪ ಹೊತ್ತು ಗೊತ್ತಾಗಲ್ಲ. ಹಗಲೆಲ್ಲ ಸಿಡಿಮಿಡಿ. ಎರಡು ವರ್ಷದ ಹಿಂದೆ ಗಾಬರಿಗೆ ಅಂತ ಕೆಲವು ತಿಂಗಳು ಮಾತ್ರೆ ತಗೊಂಡಿದ್ರು, ಆಮೇಲೆ ಚೆನ್ನಾಗೇ ಇದ್ರು. ನಮ್ಮ ಮಾವ, 'ಕ್ಲೋರೊಕ್ವಿನ್ ಸಾಕು, ನಾವೆಲ್ಲ ಅದನ್ನೇ ನುಂಗಿದ್ದು' ಅಂತಾರೆ. ಈ ಮಾತ್ರೆ ಬಿಡಬಹುದಾ? ಬೇರೆ ಇದೆಯಾ?

ಉತ್ತರ: ಮೂರನೇ ಮಾತ್ರೆ ಬೇಡಮ್ಮ. ನಿಮ್ಮ ಪತ್ರ ಬಂದ ದಿನವೇ ಫೋನಿನಲ್ಲಿ ಇಷ್ಟು ಹೇಳಿದ್ದೆ. ಯಾಕೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ನೀವು ನಡುವೆ ಹಾಗೇ ಹೇಳಿಬಿಟ್ಟ ಒಂದು ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು: ಎರಡು ವರ್ಷದ ಹಿಂದಿನ ಗಾಬರಿ. ಆತಂಕದ ಕಾಯಿಲೆ, ಖಿನ್ನತೆ, ಬೇರೆ ಯಾವುದೇ ಮಾನಸಿಕ ತೊಂದರೆ ಅಥವಾ ಫಿಟ್ಸ್ ಇರುವವರಿಗೆ, ಹಿಂದೆ ಇದ್ದು ಈಗ ವಾಸಿಯಾದವರಿಗೂ ಸೇರಿಸಿ, ಮೆಫ್ಲೊಕ್ವಿನ್ ಕೊಡುವುದಿಲ್ಲ. ಹೃದಯ ಬಡಿತದಲ್ಲಿ ಏರುಪೇರು ಇರುವವರಿಗೂ ಇದು ಬೇಡ. ಈ ಮಾತ್ರೆ ನೇರವಾಗಿ ಮೆದುಳಿನ ಮೇಲೆ ಕೆಲಸ ಮಾಡಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2013ರಲ್ಲಿ ಇದರ ಮೇಲೆ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿದ್ದು ಈ ಕಾರಣಕ್ಕೇ. ಚೀಟಿ ಬರೆಯುವಾಗ ಇದನ್ನು ಕೇಳಬೇಕಿತ್ತು. ಕೇಳದಿದ್ದರೆ ನಾವೇ ಹೇಳಬೇಕು. ಆದರೆ 'ಈಗ ಸರಿಯಾಗಿದೆಯಲ್ಲ' ಎಂದು ನಮ್ಮಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನು ಕನಸಿನ ವಿಚಾರ. ಮೆಫ್ಲೊಕ್ವಿನ್ ತೆಗೆದುಕೊಂಡವರಿಗೆ ಕಣ್ಣಿಗೆ ಕಟ್ಟಿದಂಥ ಕನಸು ಬೀಳುವುದು, ನಿದ್ರೆ ಕೆಡುವುದು ತುಂಬಾ ಸಾಮಾನ್ಯ. ಕನಸು ವಿಚಿತ್ರವಾಗಿದ್ದು, ಬೆಳಗ್ಗೆ ಎದ್ದು ಕಾಫಿ ಕುಡಿಯುವಾಗ ನಗುತ್ತ ಹೇಳಿಕೊಳ್ಳುವ ಹಾಗಿದ್ದರೆ ಅದು ಒಂದು ಥರ. ನಿಮ್ಮ ಯಜಮಾನರದ್ದು ಆ ಥರ ಅಲ್ಲ. ಎದ್ದ ಮೇಲೂ ಗಲಿಬಿಲಿ ಇದೆ, ಹಗಲಿನ ಸ್ವಭಾವವೂ ಬದಲಾಗಿದೆ. ದುಃಸ್ವಪ್ನದ ಜೊತೆ ಗಾಬರಿ, ಚಡಪಡಿಕೆ, ಗೊಂದಲ, ಮಂಕು ಸೇರಿಕೊಂಡರೆ ಅದನ್ನು ಮುಂದೆ ಬರಬಹುದಾದ ದೊಡ್ಡ ತೊಂದರೆಯ ಮುನ್ಸೂಚನೆ ಎಂದೇ ಹಿಡಿಯಬೇಕು. 'ಒಗ್ಗಿಹೋಗುತ್ತೆ' ಎಂದು ಕಾಯುವ ಜಾಗ ಇದಲ್ಲ. ಇಂಥದ್ದು ನುಂಗಿದವರಿಗಿಂತ ಮೊದಲು ಮನೆಯವರ ಕಣ್ಣಿಗೆ ಬೀಳುತ್ತದೆ. ನೀವು ಬರೆದದ್ದು ಒಳ್ಳೆಯದಾಯಿತು.

ಪ್ರಯಾಣಕ್ಕೆ ಎರಡು ಮೂರು ವಾರ ಮುಂಚೆಯೇ ಈ ಮಾತ್ರೆ ಶುರು ಮಾಡಿಸುವುದಕ್ಕೆ ಎರಡು ಕಾರಣ. ಇದು ರಕ್ತದಲ್ಲಿ ನಿಧಾನವಾಗಿ ಏರುತ್ತದೆ. ಜೊತೆಗೆ, ತೊಂದರೆ ಕೊಡುವುದಾದರೆ ಹೆಚ್ಚಿನವರಿಗೆ ಮೊದಲ ಮೂರು ಮಾತ್ರೆಗಳೊಳಗೇ ಕೊಡುತ್ತದೆ, ಅಂದರೆ ವಿಮಾನ ಹತ್ತುವ ಮೊದಲೇ ಗೊತ್ತಾಗಿ ಮಾತ್ರೆ ಬದಲಿಸಲು ಸಮಯ ಸಿಗುತ್ತದೆ. ಒಂದು ವಿಷಯ ಮಾತ್ರ ತಿಳಿದಿರಲಿ: ಏರಿದ ಹಾಗೆಯೇ ಇದು ಇಳಿಯುವುದೂ ನಿಧಾನ. ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಎರಡು ಮೂರು ವಾರ ಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಕೆಲವು ದಿನ ಕನಸು ಬಿದ್ದರೆ ಹೆದರಬೇಡಿ. ಕಡಿಮೆಯಾಗುತ್ತ ಹೋಗಬೇಕು, ಅಷ್ಟೇ. ಆದರೆ ಮನಸ್ಸು ಇನ್ನೂ ಕುಗ್ಗಿದರೆ, ಇಲ್ಲದ್ದು ಕಂಡರೆ ಕೇಳಿಸಿದರೆ, ಸಾಯುವ ಮಾತು ಬಂದರೆ ಅದೇ ದಿನ ಮನೋವೈದ್ಯರಿಗೆ ತೋರಿಸಿ. ಆಗ ಪ್ರಯಾಣವನ್ನೇ ಮುಂದಕ್ಕೆ ಹಾಕಬೇಕಾಗುತ್ತದೆ.

ಬದಲಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೊಂದು. ಆರು ವಾರ ಮೀರಿದ ಪ್ರಯಾಣಕ್ಕೆ ಮೆಫ್ಲೊಕ್ವಿನ್, ಅದಕ್ಕಿಂತ ಕಡಿಮೆಯದಕ್ಕೆ ಡಾಕ್ಸಿಸೈಕ್ಲಿನ್ ಎನ್ನುವುದು ನಮ್ಮ ರಾಷ್ಟ್ರೀಯ ಮಾರ್ಗಸೂಚಿ. ನಿಮ್ಮ ಡಾಕ್ಟರು ಅದರಂತೆಯೇ ಬರೆದಿರಬೇಕು. ಆದರೆ ಮೆಫ್ಲೊಕ್ವಿನ್ ಆಗದವರಿಗೆ ಮೂರು ತಿಂಗಳ ಮಟ್ಟಿಗೆ ಡಾಕ್ಸಿಸೈಕ್ಲಿನ್ ಕೊಡಲು ಏನೂ ಅಡ್ಡಿಯಿಲ್ಲ. ನಿಮ್ಮ ಡಾಕ್ಟರಿಗೆ ಈ ಪುಟ ತೋರಿಸಿ, ಅವರಿಂದಲೇ ಹೊಸ ಚೀಟಿ ಬರೆಸಿಕೊಳ್ಳಿ.

ಇದನ್ನು ಮಾರ್ಚ್ 18ಕ್ಕೆ, ಹೊರಡುವ ಎರಡು ದಿನ ಮುಂಚೆ ಶುರು ಮಾಡಿದರೆ ಸಾಕು. ಅಲ್ಲಿರುವಷ್ಟು ದಿನವೂ ಬೇಕು, ಊರಿಗೆ ಬಂದ ಮೇಲೆ ಇನ್ನೂ ನಾಲ್ಕು ವಾರ ಬೇಕು. ಜೂನ್ 18ಕ್ಕೆ ಹೊರಟರೆ ಜುಲೈ 16ರವರೆಗೆ. ಒಟ್ಟು 121 ಕ್ಯಾಪ್ಸುಲ್ ಆಗುತ್ತದೆ. ಹತ್ತು ಹೆಚ್ಚಿಗೆ ಇಟ್ಟುಕೊಂಡು, ಚೀಟಿಯ ಸಮೇತ ಕೈಚೀಲದಲ್ಲೇ ಒಯ್ಯಲಿ.

ಜನ ಎಡವುವುದು ಈ ಕೊನೆಯ ನಾಲ್ಕು ವಾರದಲ್ಲಿ. ಸೊಳ್ಳೆ ಕಚ್ಚಿದಾಗ ಒಳಹೊಕ್ಕ ಮಲೇರಿಯ ಪರಾವಲಂಬಿ ಮೊದಲು ಯಕೃತ್ತಿನಲ್ಲಿ ಅಡಗಿ ಬೆಳೆಯುತ್ತದೆ. ಒಂದೆರಡು ವಾರದ ಮೇಲೆ, ಕೆಲವೊಮ್ಮೆ ಇನ್ನೂ ತಡವಾಗಿ, ರಕ್ತಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಆಗಲಿ ಮೆಫ್ಲೊಕ್ವಿನ್ ಆಗಲಿ ಅದನ್ನು ಹಿಡಿಯುವುದು ರಕ್ತಕ್ಕೆ ಇಳಿದ ಮೇಲೆಯೇ. ವಿಮಾನ ಹತ್ತುವ ಹಿಂದಿನ ರಾತ್ರಿ ಕಚ್ಚಿದ ಸೊಳ್ಳೆಯ ಫಲ ಬಂಗಾರಪೇಟೆಯಲ್ಲಿ ಹೊರಬರಬಹುದು, ಆ ಹೊತ್ತಿಗೆ ಮಾತ್ರೆ ರಕ್ತದಲ್ಲಿರಬೇಕು. ಅಟೊವಾಕ್ವೋನ್-ಪ್ರೊಗ್ವಾನಿಲ್ ಎಂಬ ಇನ್ನೊಂದು ಮಾತ್ರೆ ಯಕೃತ್ತಿನಲ್ಲೇ ಕೆಲಸ ಮಾಡುವುದರಿಂದ ಅದನ್ನು ವಾಪಸ್ಸಾದ ಮೇಲೆ ಏಳು ದಿನ ತೆಗೆದುಕೊಂಡರೆ ಸಾಕು. ಆದರೆ ಮೂರು ತಿಂಗಳಿಗೆ ದುಬಾರಿ, ನಮ್ಮ ಕಡೆ ಸಲೀಸಾಗಿ ಸಿಗುವುದೂ ಇಲ್ಲ. ಅದರಲ್ಲೂ ಕೆಲವರಿಗೆ ಕನಸಿನ ಕಾಟ ಉಂಟು, ಮೆಫ್ಲೊಕ್ವಿನ್‌ನಷ್ಟಿಲ್ಲ.

ಡಾಕ್ಸಿಸೈಕ್ಲಿನ್ ಮನಸ್ಸಿನ ತಂಟೆಗೆ ಹೋಗುವುದು ಕಡಿಮೆ, ಅದರ ಕಿರಿಕಿರಿಯೇ ಬೇರೆ. ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿಬಿಟ್ಟರೆ ಕ್ಯಾಪ್ಸುಲ್ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದೆ. ಮರುದಿನ ಎಂಜಲು ನುಂಗಿದರೂ ಎದೆಮೂಳೆಯ ಹಿಂದೆ ಚುಚ್ಚುತ್ತದೆ, ಹಾರ್ಟಿನ ನೋವೆಂದು ಹೆದರಿ ಬಂದವರಿದ್ದಾರೆ. ರಾತ್ರಿಯ ಬದಲು ಬೆಳಗಿನ ತಿಂಡಿಯ ಜೊತೆ, ಕೂತು, ದೊಡ್ಡ ಲೋಟದ ತುಂಬ ನೀರಿನಲ್ಲಿ ನುಂಗಲಿ. ಒಂದು ಗಂಟೆ ಅಡ್ಡಾಗುವುದು ಬೇಡ. ಕಬ್ಬಿಣದ ಮಾತ್ರೆ, ಗ್ಯಾಸಿನ ಮಾತ್ರೆ ಅದೇ ಹೊತ್ತಿಗೆ ಬೇಡ, ಔಷಧ ಹೀರಿಕೊಳ್ಳುವುದಿಲ್ಲ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಗಣಿಯ ಹೊರಗಿನ ಕೆಲಸವಿದ್ದರೆ ತುಂಬುತೋಳಿನ ಅಂಗಿ, ಟೋಪಿ ಇರಲಿ. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಇದನ್ನು ಕೊಡುವುದಿಲ್ಲ, ಉಳಿದದ್ದನ್ನು ಮನೆಯಲ್ಲಿ ಯಾರಿಗೂ ಹಂಚಬೇಡಿ.

ನಿಮ್ಮ ಮಾವನವರ ಮಾತು ಪೂರ್ತಿ ಸುಳ್ಳಲ್ಲ. ಇಲ್ಲಿನ ವೈವಾಕ್ಸ್ ಮಲೇರಿಯಕ್ಕೆ ಇವತ್ತಿಗೂ ಕ್ಲೋರೊಕ್ವಿನ್ ಕೊಡುತ್ತೇವೆ. ಆದರೆ ವಿಕ್ಟೋರಿಯ ಸರೋವರದ ಪಕ್ಕದ ಗೇಟಾದಲ್ಲಿರುವುದು ಬಹುಪಾಲು ಫಾಲ್ಸಿಪ್ಯಾರಮ್. ಜೀವ ತೆಗೆಯುವ ಜಾತಿ ಅದು, ಅಲ್ಲಿ ಕ್ಲೋರೊಕ್ವಿನ್‌ಗೆ ಬಗ್ಗುವುದಿಲ್ಲ.

ಯಾವ ಮಾತ್ರೆಯೂ ನೂರಕ್ಕೆ ನೂರು ಕಾಯುವುದಿಲ್ಲ. ಈ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನವರೆಗೆ, ರಾತ್ರಿ ಪಾಳಿ ಇದ್ದರೆ ಮೈಗೆ ಸೊಳ್ಳೆ ಮುಲಾಮು, ಮಲಗಲು ಔಷಧ ಲೇಪಿಸಿದ ಪರದೆ ಬೇಕೇ ಬೇಕು. ಅಲ್ಲಿದ್ದಾಗ ಒಂದು ವಾರ ಕಳೆದ ಮೇಲೆ ಯಾವ ದಿನ ಜ್ವರ ಬಂದರೂ, ಊರಿಗೆ ಬಂದು ವರ್ಷದೊಳಗೆ ಬಂದರೂ, ಪ್ಯಾರಾಸಿಟಮಾಲ್ ನುಂಗಿ ನಾಳೆ ನೋಡೋಣ ಎನ್ನದೆ ಅದೇ ದಿನ ರಕ್ತಪರೀಕ್ಷೆ ಆಗಬೇಕು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದನ್ನು ಉಚಿತವಾಗಿ ಮಾಡುತ್ತಾರೆ. ಆಫ್ರಿಕಾದಿಂದ ಬಂದದ್ದನ್ನು, ನುಂಗುತ್ತಿದ್ದ ಮಾತ್ರೆಯ ಹೆಸರನ್ನು ಮೊದಲೇ ಹೇಳಲಿ. ಇಲ್ಲದಿದ್ದರೆ ಡೆಂಗಿಯೋ ಟೈಫಾಯಿಡೋ ಎಂದು ಒಂದೆರಡು ದಿನ ಹಾಳಾಗುತ್ತದೆ. ಮೊದಲ ಪರೀಕ್ಷೆಯಲ್ಲಿ ಏನೂ ಸಿಗದೆ ಜ್ವರ ಉಳಿದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಮತ್ತೆ ಮಾಡಿಸಬೇಕು, ಹೀಗೆ ಮೂರು ಸಲ.