ವೈರು ಗಿಡ್ಡ ಅಂತ ಹೇಳಿಬಿಡಿ

*ಸಂಪಾದಕರೇ, ಎರಡು ವರ್ಷದಿಂದ ಪುಸ್ತಕಗಳ ಬಗ್ಗೆ ಪಾಡ್‌ಕಾಸ್ಟ್ ನಡೆಸುತ್ತಿದ್ದೇನೆ. ಮೊದಲ ಸಲ ಒಬ್ಬ ಪ್ರಾಯೋಜಕರು ಸಿಕ್ಕಿದ್ದಾರೆ, ಓದುವ ದೀಪ ಮಾಡುವ ಕಂಪನಿ. ಎಪಿಸೋಡಿನ ನಡುವೆ ಓದಲು ಒಂದು ಸ್ಕ್ರಿಪ್ಟ್ ಕಳಿಸಿದ್ದಾರೆ, ಜೊತೆಗಿಟ್ಟಿದ್ದೇನೆ. ಓದಿದರೆ ಎರಡು ನಿಮಿಷ ಆಗುತ್ತದೆ, ನನ್ನ ಮಾತಿನ ಥರ ಇಲ್ಲವೇ ಇಲ್ಲ. ದೀಪವೂ ಬಂದಿದೆ. ಚೆನ್ನಾಗಿಯೇ ಇದೆ, ಬೆಳಕು ಪುಟದ ಮೇಲೆ ಮಾತ್ರ ಬೀಳುತ್ತದೆ. ವೈರು ಮಾತ್ರ ಗಿಡ್ಡ. ದುಡ್ಡು ಕೊಟ್ಟವರು ಬರೆದದ್ದನ್ನು ಹಾಗೇ ಓದು ಅಂತಾರೆ ಗೆಳೆಯರು. ಚಿಕ್ಕದಾಗಿ, ಪ್ರಾಮಾಣಿಕ ಅನ್ನಿಸುವ ಹಾಗೆ ಹೇಳೋದು ಹೇಗೆ? — ಒಬ್ಬ ಓದುಗ*

ನಿಮ್ಮ ಗೆಳೆಯರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಕಂಪನಿಯ ಹೆಸರು, ವೆಬ್‌ಸೈಟಿನ ವಿಳಾಸ, ರಿಯಾಯಿತಿ ಎಷ್ಟು, ಅದರ ಷರತ್ತು ಏನು, ಇವೆಲ್ಲ ಅವರ ಮಾತು. ಅವರು ಬರೆದ ಹಾಗೆಯೇ ಹೇಳಬೇಕು. ಆದರೆ ‘ನಾನು’ ಅಂತ ಬರುವ ಪ್ರತಿ ವಾಕ್ಯವೂ ನಿಮ್ಮದು. ಅದನ್ನು ಬೇರೆಯವರು ಬರೆದು ಕೊಡಲು ಆಗುವುದಿಲ್ಲ.

ನೀವು ಕಳಿಸಿದ ಪುಟವನ್ನು ಎರಡು ಸಲ ಓದಿದೆ. ‘ಈ ದೀಪ ನನ್ನ ಓದಿನ ಬದುಕನ್ನೇ ಬದಲಿಸಿತು’ ಎಂದಿದೆ. ‘ಕ್ರಾಂತಿಕಾರಿ ಬೆಳಕು’ ಎಂದಿದೆ. ‘ಕಣ್ಣಿನ ಆಯಾಸ ಮಾಯ’ ಎಂದಿದೆ. ಆ ಪುಟವೆಲ್ಲ ಓದಿದರೂ ನನಗೆ ಆ ದೀಪ ಕಾಣಿಸಲಿಲ್ಲ. ಕಾಣಿಸಿದ್ದು ನಿಮ್ಮ ಪತ್ರದಲ್ಲಿ. ಬೆಳಕು ಪುಟದ ಮೇಲೆ ಮಾತ್ರ ಬೀಳುತ್ತದೆ, ವೈರು ಗಿಡ್ಡ. ನಿಮ್ಮ ಜಾಹೀರಾತನ್ನು ನೀವೇ ಬರೆದು ಮುಗಿಸಿದ್ದೀರಿ. ಬರೆದದ್ದು ನಿಮಗೆ ಗೊತ್ತಾಗಿಲ್ಲ, ಅಷ್ಟೇ.

ಅಮೆರಿಕದ ರೇಡಿಯೊದಲ್ಲಿ ಆರ್ಥರ್ ಗಾಡ್‌ಫ್ರೇ ಎಂಬ ನಿರೂಪಕ ಇದ್ದ. 1931ರಲ್ಲಿ ಕಾರು ಅಪಘಾತವಾಗಿ ಬಹಳ ದಿನ ಮಲಗಿದ್ದ. ಹೊತ್ತು ಕಳೆಯಲು ರೇಡಿಯೊ ಕೇಳುತ್ತಿದ್ದಾಗ ಅವನಿಗೆ ಒಂದು ವಿಷಯ ಹೊಳೆಯಿತು. ಮಾತಾಡುವವರೆಲ್ಲ ದೊಡ್ಡ ಸಭೆಗೆ ಭಾಷಣ ಮಾಡುತ್ತಿದ್ದಾರೆ, ಆದರೆ ಕೇಳುವವನು ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಎದ್ದು ಕೆಲಸಕ್ಕೆ ಮರಳಿದ ಮೇಲೆ ಆ ಒಬ್ಬನಿಗೆ ಮಾತಾಡಲು ಶುರುಮಾಡಿದ. ಪ್ರಾಯೋಜಕರು ಬರೆದು ಕೊಟ್ಟದ್ದನ್ನು ಪಕ್ಕಕ್ಕಿಟ್ಟು, ಕೆಲವು ಸಲ ಅದನ್ನೇ ಗೇಲಿ ಮಾಡಿ, ತನಗೆ ಅನ್ನಿಸಿದ್ದನ್ನು ಹೇಳುತ್ತಿದ್ದ. ಪ್ರಾಯೋಜಕರು ಅವನನ್ನು ಬಿಡಲಿಲ್ಲ, ಯಾಕೆಂದರೆ ಸರಕು ಮಾರಾಟವಾಗುತ್ತಿತ್ತು. ಪಾಡ್‌ಕಾಸ್ಟ್ ಕೇಳುವವನು ಇನ್ನೂ ಒಬ್ಬನೇ. ನಿಮ್ಮ ದನಿ ಅವನ ಕಿವಿಯೊಳಗೇ ಇರುತ್ತದೆ. ಎರಡು ವರ್ಷದಿಂದ ಕೇಳಿದವನಿಗೆ, ನೀವು ಬೇರೆಯವರ ವಾಕ್ಯ ಓದತೊಡಗಿದ್ದು ಮೂರನೇ ಪದಕ್ಕೇ ತಿಳಿಯುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಮೊದಲ ವಾಕ್ಯದಲ್ಲೇ ಇದು ಹಣ ಪಡೆದ ಮಾತು ಎಂದು ಹೇಳಿ. ಹಲವರು ಇಲ್ಲೇ ಜಾರುತ್ತಾರೆ. ಕಥೆಯಲ್ಲಿ ರಾತ್ರಿ ಬಂತು, ‘ರಾತ್ರಿ ಅಂದಕೂಡಲೇ ನೆನಪಾಯಿತು ನೋಡಿ’ ಎಂದು ದೀಪಕ್ಕೆ ಹಾರುತ್ತಾರೆ. ಕೇಳುಗನಿಗೆ ಅರ್ಧ ನಿಮಿಷ ಬಿಟ್ಟು ಇದು ಜಾಹೀರಾತು ಎಂದು ಗೊತ್ತಾದಾಗ, ಅದಕ್ಕೆ ಹಿಂದಿನ ಮಾತನ್ನೂ ಅನುಮಾನಿಸುತ್ತಾನೆ. ಒಂದು ವಿಷಯ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ನಿಲ್ಲಿಸಿ. ಯಾರದೋ ಸಾವಿನ ಮಾತು ಮುಗಿದ ಕೂಡಲೇ ಬೇಡ, ಕುತೂಹಲದ ತುದಿಯಲ್ಲೂ ಬೇಡ.

ಆಮೇಲೆ ಹೊಡೆದುಹಾಕುವ ಕೆಲಸ. ‘ಬದುಕನ್ನೇ ಬದಲಿಸಿತು’ ಸುಳ್ಳು, ತೆಗೆಯಿರಿ. ‘ಕ್ರಾಂತಿಕಾರಿ’ ಯಾರಿಗೂ ಏನನ್ನೂ ಹೇಳುವುದಿಲ್ಲ. ‘ಕಣ್ಣಿನ ಆಯಾಸ ಮಾಯ’ ಎಂಬುದು ಆರೋಗ್ಯದ ಮಾತು. ಅದಕ್ಕೆ ಆಧಾರ ಏನು ಎಂದು ಕಂಪನಿಯನ್ನು ಕೇಳಿ. ಸರಿಯಾದ ಉತ್ತರ ಬರದಿದ್ದರೆ, ಕಂಪನಿಯವರು ಹೀಗೆ ಹೇಳುತ್ತಾರೆ ಅಂತ ಕೂಡ ನೀವು ಹೇಳಬೇಡಿ. ಇಷ್ಟು ತೆಗೆದರೆ ಎರಡು ನಿಮಿಷ ತಾನಾಗಿ ಒಂದಕ್ಕಿಂತ ಕಡಿಮೆಯಾಗುತ್ತದೆ. ಚಿಕ್ಕದು ಮಾಡಬೇಕೆಂದು ಬೇಗಬೇಗ ಓದುವವರನ್ನು ನೋಡಿದ್ದೇನೆ. ಆಗ ದನಿ ಮೇಲಕ್ಕೇರುತ್ತದೆ, ಓಡುವ ದನಿ ಮುಚ್ಚಿಡುವ ದನಿಯಂತೆ ಕೇಳಿಸುತ್ತದೆ.

ನಾನಾದರೆ ನಿಮ್ಮ ಮಾತನ್ನೇ ತೆಗೆದುಕೊಂಡು ಹೀಗೆ ಬರೆಯುತ್ತಿದ್ದೆ:

“ಒಂದು ಚಿಕ್ಕ ಬಿಡುವು. ಈ ಎಪಿಸೋಡಿಗೆ ಹಣ ಕೊಟ್ಟವರು ಇಂಥ ಕಂಪನಿ. ಓದುವ ದೀಪ ಮಾಡುತ್ತಾರೆ. ಒಂದನ್ನು ನನಗೆ ಕಳಿಸಿದ್ದರು, ಎರಡು ವಾರದಿಂದ ಅದನ್ನೇ ಹಚ್ಚಿಕೊಂಡು ಓದುತ್ತಿದ್ದೇನೆ. ನನಗೆ ಹಿಡಿಸಿದ್ದು, ಬೆಳಕು ಪುಟದ ಮೇಲೆ ಮಾತ್ರ ಬೀಳುತ್ತದೆ, ಕೋಣೆ ಕತ್ತಲಾಗಿಯೇ ಇರುತ್ತದೆ. ವೈರು ಗಿಡ್ಡ. ಪ್ಲಗ್ ಹತ್ತಿರ ಇಲ್ಲದಿದ್ದರೆ ನಿಮಗೆ ಇದು ಆಗಲ್ಲ. ಬೇಕು ಅನ್ನಿಸಿದರೆ ಅವರ ವೆಬ್‌ಸೈಟಿನಲ್ಲಿ ನಮ್ಮ ಕಾರ್ಯಕ್ರಮದ ಹೆಸರನ್ನೇ ಕೋಡ್ ಆಗಿ ಹಾಕಿ, ನೂರಕ್ಕೆ ಹತ್ತು ಕಡಿಮೆ ಆಗುತ್ತದೆ. ಮೊದಲ ಖರೀದಿಗೆ ಮಾತ್ರ. ವಿಳಾಸ ಎಪಿಸೋಡಿನ ವಿವರದಲ್ಲಿದೆ. ಸರಿ, ಮುಂದೆ ಹೋಗೋಣ.”

ಗಡಿಯಾರ ಇಟ್ಟು ಓದಿದೆ, 45 ಸೆಕೆಂಡು. ಎರಡು ವಾರ ಎಂದು ನಾನು ಊಹಿಸಿ ಬರೆದಿದ್ದೇನೆ. ನೀವು ನಾಲ್ಕೇ ದಿನ ಓದಿದ್ದರೆ ನಾಲ್ಕು ದಿನ ಎಂದೇ ಹೇಳಿ. ಕೋಡ್ ಕಾರ್ಯಕ್ರಮದ ಹೆಸರೇ ಆಗಿರಲಿ ಎಂದು ಹಠ ಮಾಡಿ. ಎಷ್ಟು ಜನ ನಿಮ್ಮಿಂದ ಬಂದರು ಎಂದು ಕಂಪನಿ ಎಣಿಸುವುದು ಅದರಿಂದಲೇ. ಅಕ್ಷರ, ಅಂಕಿ ಕಲೆಸಿದ ಕೋಡ್ ಕಿವಿಯಲ್ಲಿ ನಿಲ್ಲುವುದಿಲ್ಲ. ಇನ್ನೊಂದು ವಿಷಯ: ಈ ಮಾತು ಎಪಿಸೋಡಿನಲ್ಲೇ ಶಾಶ್ವತವಾಗಿ ಉಳಿಯುತ್ತದೋ, ಆಮೇಲೆ ಬದಲಾಯಿಸುತ್ತಾರೋ ಕೇಳಿಕೊಳ್ಳಿ. ಉಳಿಯುವುದಾದರೆ ‘ಈ ವಾರ’ ಎನ್ನಬೇಡಿ, ರಿಯಾಯಿತಿಯ ಕೊನೆಯ ತಾರೀಖು ಹೇಳಿ. ಮೂರು ವರ್ಷ ಬಿಟ್ಟು ಕೇಳುವವರೂ ಇರುತ್ತಾರೆ.

ವೈರಿನ ವಾಕ್ಯವನ್ನು ಕಂಪನಿ ತೆಗೆಯಲು ಹೇಳಬಹುದು. ಆ ವಾಕ್ಯ ಯಾಕೆ ಬೇಕು ಎಂದು ಅವರಿಗೆ ಬರೆಯಿರಿ. ಪ್ಲಗ್ ದೂರ ಇರುವವನು ಕೊಂಡು, ಬೈದು, ವಾಪಸ್ ಕಳಿಸಿದರೆ ನಷ್ಟ ಅವರಿಗೂ ಇದೆ. ಕುಂದನ್ನು ಕೇಳಿಸಿಕೊಂಡೂ ಕೊಂಡವನು ದೀಪವನ್ನು ಇಟ್ಟುಕೊಳ್ಳುತ್ತಾನೆ. ರೆಕಾರ್ಡ್ ಮಾಡುವ ಮುಂಚೆಯೇ ಸ್ಕ್ರಿಪ್ಟ್ ಕಳಿಸಿ ಒಪ್ಪಿಗೆ ಪಡೆಯಿರಿ, ಆಮೇಲಿನ ಜಗಳ ಯಾರಿಗೂ ಬೇಡ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಮೊದಲು ಕೆಲಸ ಮಾಡಿದ ಪತ್ರಿಕೆಯಲ್ಲಿ ಒಂದು ಜಾಹೀರಾತನ್ನು ಲೇಖನದ ಅಚ್ಚಿನಲ್ಲೇ ಹಾಕಿದೆವು. ‘ಜಾಹೀರಾತು’ ಎಂಬ ಪದ ಪುಟದ ಮೂಲೆಯಲ್ಲಿ ಇರುವೆಯಷ್ಟಿತ್ತು. ವಯಸ್ಸಾದ ಓದುಗರೊಬ್ಬರು ಫೋನ್ ಮಾಡಿದರು. ಅದನ್ನು ನಂಬಿ ಸರಕು ತರಿಸಿದ್ದರು. ಬೈಯಲಿಲ್ಲ. ‘ನೀವು ಬರೆದಿದ್ದು ಅಂದುಕೊಂಡೆ’ ಎಂದರು, ಅಷ್ಟೇ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಈಗ ಎಲ್ಲಿ ನೋಡಿದರೂ ಅದೇ ಆಗುತ್ತಿದೆ. ಒಬ್ಬರ ‘ಸ್ವಂತ ಅನುಭವ’ವನ್ನು ಅದೇ ಪದಗಳಲ್ಲಿ ಮತ್ತೊಂದು ಪಾಡ್‌ಕಾಸ್ಟಿನಲ್ಲಿ ಕೇಳಿದ್ದೇನೆ. ಮೊದಲ ತಿಂಗಳು ಉಚಿತ ಎಂದು ಕೂಗುತ್ತಾರೆ. ಎರಡನೇ ತಿಂಗಳಿಂದ ಹಣ ತಾನಾಗಿ ಕಡಿತವಾಗುತ್ತದೆ ಎಂಬುದನ್ನು ಹೇಳುವುದೇ ಇಲ್ಲ.

ನಿಮ್ಮನ್ನೂ ಒಂದು ಮಾತು ಗದರಬೇಕು. ಪ್ರಾಮಾಣಿಕ ‘ಅನ್ನಿಸುವ ಹಾಗೆ’ ಎಂದು ಬರೆದಿದ್ದೀರಿ. ವೈರು ಗಿಡ್ಡ ಎಂದು ನನಗೆ ಬರೆದಾಗ ಹೇಗೆ ಅನ್ನಿಸುತ್ತದೆ ಎಂದು ನೀವು ಯೋಚಿಸಿರಲಿಲ್ಲ, ಅಲ್ವಾ? ಹಾಗೇ ಹೇಳಿ. ಬೇರೆ ದಿನ ಪ್ರತ್ಯೇಕವಾಗಿ ರೆಕಾರ್ಡ್ ಮಾಡಬೇಡಿ. ಪುಸ್ತಕದ ಮಾತು ಆಡುತ್ತಿರುವಾಗಲೇ, ಅದೇ ಕುರ್ಚಿಯಲ್ಲಿ, ಅದೇ ಮೈಕಿನ ಮುಂದೆ ಓದಿ. ಆಮೇಲೆ ಮನೆಯವರೊಬ್ಬರಿಗೆ ಕೇಳಿಸಿ, ಎಲ್ಲಿ ದನಿ ಬದಲಾಯಿತು ಎಂದು ಕೇಳಿ. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಕಂಪನಿಯ ವಾಕ್ಯ ಇನ್ನೂ ಒಂದು ಉಳಿದುಕೊಂಡಿರುತ್ತದೆ. ಅದನ್ನು ತೆಗೆದು ಇನ್ನೊಂದು ಸಲ ಓದಿ.