‘ಇಲ್ಲ’ ಅನ್ನದವರ ಬಿಡುವಿನ ಪೀರಿಯಡ್

ಸಹೋದ್ಯೋಗಿಗಳು ಸಹಕರಿಸುವುದಿಲ್ಲ ಎಂದು ಆಪ್ತಸಲಹೆಗೆ ನನ್ನ ಬಳಿ ಬರುವ ಶಿಕ್ಷಕರಲ್ಲಿ, ರಜೆ ಹಾಕಿದವರ ಕ್ಲಾಸಿಗೆ ಯಾರು ಹೋಗಬೇಕು ಅನ್ನುವ ಸಬ್‌ಸ್ಟಿಟ್ಯೂಷನ್ ಪಟ್ಟಿ ಬರೆಯುವವರು ಆಗಾಗ ಇರುತ್ತಾರೆ. ಈ ಪ್ರಕರಣ ಅಂಥವರದ್ದೇ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ತಾಲ್ಲೂಕು ಊರಿನ ಒಂದು ಖಾಸಗಿ ಹೈಸ್ಕೂಲು. 8, 9, 10ನೇ ತರಗತಿಗೆ ಮೂರು ಮೂರು ಸೆಕ್ಷನ್, 14 ಶಿಕ್ಷಕರು, ವಾರಕ್ಕೆ 45 ಪೀರಿಯಡ್. ಬಂದವರು ಗಣಿತದ ಟೀಚರ್, ನಲವತ್ತು ದಾಟಿದವರು. ಬೆಳಿಗ್ಗೆ ಆರೂವರೆಗೆ ವಾಟ್ಸಾಪ್ ಸದ್ದಾದರೆ ಎದೆ ಡವಡವ ಅನ್ನುತ್ತದೆ, ಯಾರು ರಜೆ ಹಾಕಿದರೋ ಅಂತ. ಭಾನುವಾರವೂ ಅದೇ ಗಾಬರಿ. ಎರಡು ಭೇಟಿ ಬರೀ ಇದರ ಮಾತಲ್ಲೇ ಕಳೆದವು. ಮೂರನೇ ಸಲ ಬರುವಾಗ ಸಬ್‌ಸ್ಟಿಟ್ಯೂಷನ್ ರಿಜಿಸ್ಟರ್ ತನ್ನಿ ಅಂದೆ. ಅದರಲ್ಲಿ ಏನಿದೆ ಮೇಡಂ, ಬರೀ ಹೆಸರು, ಸಹಿ ಅಂದರು. ಆದರೂ ತಂದರು.

ಆರು ವಾರದ ಪುಟಗಳನ್ನು ಇಬ್ಬರೂ ಕೂತು ಎಣಿಸಿದೆವು. ಒಟ್ಟು 58 ಪೀರಿಯಡ್. ಸಮವಾಗಿ ಹಂಚಿದ್ದರೆ ತಲೆಗೆ ನಾಲ್ಕು ಬರಬೇಕಿತ್ತು. ಅವರ ಹೆಸರಲ್ಲಿ 15 ಇತ್ತು. ಅವರು ಕಣ್ಣೊರೆಸಿಕೊಂಡು, ನೋಡಿದ್ರಾ ಮೇಡಂ, ನಾನು ಹೇಳಿದ್ದು ಸುಳ್ಳಾ ಅಂದರು. ಸುಳ್ಳಲ್ಲ. ಇಬ್ಬರು ಹಿರಿಯ ಮೇಷ್ಟ್ರ ಹೆಸರಲ್ಲಿ ಒಂದು ಮತ್ತು ಸೊನ್ನೆ.

ಆದರೆ ಇನ್ನೊಂದು ಹೆಸರಲ್ಲಿ 14 ಇತ್ತು, ಅದರ ಬಗ್ಗೆ ಅವರು ಒಂದು ಸಲವೂ ಹೇಳಿರಲಿಲ್ಲ. ಜೂನ್‌ನಲ್ಲಿ ಸೇರಿದ ಹೊಸ ಟೀಚರ್, ಇನ್ನೂ ಕಾಯಂ ಆಗಿರಲಿಲ್ಲ. ವಾರಕ್ಕೆ 32 ಕ್ಲಾಸು ಅವರದ್ದೇ ಇದ್ದವು, ಅಂದರೆ ಉಳಿಯುತ್ತಿದ್ದದ್ದು 13 ಬಿಡುವು ಮಾತ್ರ.

‘ಇದು ಯಾರು ಹಾಕಿದ್ದು?’

‘ನಾನೇ.’

‘ಹಿರಿಯರಿಗೆ ಯಾಕೆ ಹಾಕಿಲ್ಲ?’

‘ಅವರಿಗೆ ಹಾಕಿದ್ರೆ “ನೋಡೋಣಮ್ಮ” ಅಂತಾರೆ, ಹೋಗಲ್ಲ. ಮಕ್ಕಳು ಗಲಾಟೆ ಮಾಡ್ತಾರೆ. ಹೆಚ್.ಎಂ. ಬಂದು ನನ್ನನ್ನೇ ಕೇಳ್ತಾರೆ.’

‘ಹೊಸಬರಿಗೆ?’

‘ಪಾಪ, ಅವಳು ಇಲ್ಲ ಅನ್ನಲ್ಲ ಮೇಡಂ.’

ಹೇಳಿ ಮುಗಿಸಿದ ಮೇಲೆ ಅವರಿಗೇ ಕೇಳಿಸಿತು ಅಂತ ಕಾಣುತ್ತೆ. ತುಂಬ ಹೊತ್ತು ರಿಜಿಸ್ಟರ್ ಮುಚ್ಚುವುದು, ತೆರೆಯುವುದು ಮಾಡುತ್ತಿದ್ದರು. ಕೊನೆಗೆ, ನಾನು ಸೇರಿದಾಗ ನನಗೂ ಹೀಗೇ ಮಾಡ್ತಿದ್ರು, ಬಾತ್‌ರೂಮಿಗೆ ಹೋಗೋಕೂ ಟೈಮ್ ಇರ್ತಿರ್ಲಿಲ್ಲ ಅಂದರು. ನಾನು ಸಮಾಧಾನ ಹೇಳಲಿಲ್ಲ. ಆಗ ಸಮಾಧಾನ ಹೇಳಿದ್ದರೆ ಅವರು ಮತ್ತೆ ‘ನನಗೆ ಅನ್ಯಾಯ’ ಅನ್ನುವ ಕಡೆಗೇ ಹೋಗುತ್ತಿದ್ದರು.

ಆಮೇಲೆ ನಾನು ಕೊಟ್ಟ ಸಲಹೆ ಪಕ್ಕಾ ಲೆಕ್ಕದ್ದು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಇದು ಹೆಚ್.ಎಂ. ಮಾಡುವ ಕೆಲಸ, ಆಪ್ತಸಲಹೆಗಾರರದ್ದಲ್ಲ ಅಂದರು. ಇರಬಹುದು. ಆದರೆ ದಿನಾ ಬೆಳಿಗ್ಗೆ ಯಾರ ಮುಖ ನೋಡಿ ಹೆಸರು ಬರೆಯಲಿ ಅನ್ನುವ ಭಯಕ್ಕೆ ಉಸಿರಾಟದ ವ್ಯಾಯಾಮ ಕೊಟ್ಟರೆ ಏನು ಬಂತು? ಪಟ್ಟಿ ಬರೆಯುವುದು ಧೈರ್ಯದ ಪರೀಕ್ಷೆ ಆಗಬಾರದು. ಹೆಸರನ್ನು ಲೆಕ್ಕವೇ ಆರಿಸಿದರೆ, ಬರೆಯುವವರು ಯಾರಿಗೂ ಹೆದರಬೇಕಾಗಿಲ್ಲ.

ಮೊದಲನೆಯದು, ಬರೀ ಎಷ್ಟು ಸಬ್‌ಸ್ಟಿಟ್ಯೂಷನ್ ಹೋದರು ಅಂತ ಎಣಿಸಬೇಡಿ, ಇದ್ದ ಬಿಡುವಿನಲ್ಲಿ ಎಷ್ಟು ಹೋಯಿತು ಅಂತ ನೋಡಿ. ಅವರ ಶಾಲೆಯದ್ದೇ ಉದಾಹರಣೆ ಮಾಡಿದೆವು. ಬುಧವಾರ ಮೂರನೇ ಪೀರಿಯಡ್, ವಿಜ್ಞಾನದವರು ರಜೆ, ಸ್ಟಾಫ್ ರೂಮಲ್ಲಿ ಇಬ್ಬರು ಖಾಲಿ. ಸಮಾಜ ವಿಜ್ಞಾನದವರಿಗೆ ವಾರಕ್ಕೆ 15 ಬಿಡುವು, ಆರು ವಾರಕ್ಕೆ 90, ಅದರಲ್ಲಿ 4 ಹೋಗಿದೆ. ಹಿಂದಿಯವರಿಗೆ ವಾರಕ್ಕೆ 21, ಆರು ವಾರಕ್ಕೆ 126, ಅದರಲ್ಲಿ 5. ಬರೀ ಸಂಖ್ಯೆ ನೋಡಿದರೆ 4 ಇದ್ದವರನ್ನು ಕಳಿಸಬೇಕು ಅನ್ನಿಸುತ್ತೆ. ಆದರೆ ನೂರು ಬಿಡುವಿಗೆ ಅವರದ್ದು ನಾಲ್ಕೂವರೆ ಹತ್ತಿರ, ಹಿಂದಿಯವರದ್ದು ನಾಲ್ಕೇ. ಹಾಗಾಗಿ ಹಿಂದಿಯವರು ಹೋಗಬೇಕು.

ಇದರಲ್ಲೊಂದು ಅಪಾಯ ಇದೆ, ಅದನ್ನೂ ಹೇಳಿದೆ. ಪಿ.ಟಿ. ಮೇಷ್ಟ್ರ ಪಟ್ಟಿಯಲ್ಲಿ ಜಾಸ್ತಿ ಖಾಲಿ ಕಾಣುತ್ತೆ, ಹಾಗಾಗಿ ಲೆಕ್ಕ ಅವರನ್ನೇ ಮತ್ತೆ ಮತ್ತೆ ತೋರಿಸುತ್ತೆ. ಆದರೆ ಆ ಹೊತ್ತಲ್ಲಿ ಅವರು ಟೀಮಿನ ಜೊತೆ ಗ್ರೌಂಡಲ್ಲಿ ಇರುತ್ತಾರೆ. ಅದು ಬಿಡುವಲ್ಲ, ಬಿಡುವಿನ ಎಣಿಕೆಯಿಂದ ತೆಗೆಯಿರಿ. ಮತ್ತೆ ಯಾರೇ ಆಗಲಿ, ವಾರಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ದಿನಕ್ಕೆ ಒಂದು ಬಿಡುವಾದರೂ ಕೈಗೆ ಉಳಿಯಲಿ.

ಎರಡನೆಯದರಲ್ಲಿ ನನಗೂ ಅವರಿಗೂ ಸ್ವಲ್ಪ ಜಗಳವೇ ಆಯಿತು. ಜಾಸ್ತಿ ರಜೆ ಹಾಕಿದವರಿಗೆ ಜಾಸ್ತಿ ಸಬ್‌ಸ್ಟಿಟ್ಯೂಷನ್ ಹಾಕಬೇಕು, ಅದೇ ನ್ಯಾಯ ಅಂತ ಅವರ ವಾದ. ನಾನು ಒಪ್ಪಲಿಲ್ಲ, ಈಗಲೂ ಒಪ್ಪಲ್ಲ. ಸಿ.ಎಲ್. ಅವರ ಹಕ್ಕು, ಕಾಯಿಲೆ ಸಾಲ ಅಲ್ಲ. ಇಲ್ಲೊಂದು ತಪ್ಪು ಗೊತ್ತೇ ಆಗದ ಹಾಗೆ ನಡೆಯುತ್ತೆ. ಡೆಂಗ್ಯೂ ಬಂದು ಎರಡು ವಾರ ಮಲಗಿದವರ ಸಂಖ್ಯೆ ಅಷ್ಟು ದಿನ ಏರಿರುವುದಿಲ್ಲ. ವಾಪಸ್ ಬಂದ ದಿನ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ಇರುತ್ತಾರೆ. ಬರೀ ಸಂಖ್ಯೆ ನೋಡುವವರು ಅವರಿಗೇ ಒಂದರ ಹಿಂದೊಂದು ಹಾಕುತ್ತಾರೆ, ಅವರಿಗೆ ಇನ್ನೂ ನೆಟ್ಟಗೆ ನಿಲ್ಲೋಕೇ ಆಗುತ್ತಿರುವುದಿಲ್ಲ. ಶಾಲೆಗೆ ಬಂದ ದಿನಗಳ ಬಿಡುವನ್ನು ಮಾತ್ರ ಎಣಿಸಿದರೆ ಈ ತಪ್ಪು ಆಗಲ್ಲ.

ಮೂರನೆಯದು, ಮೊದಲೇ ಗೊತ್ತಿರುವ ರಜೆಗೆ ಯಾರ ಬಿಡುವನ್ನೂ ಮುಟ್ಟಬೇಡಿ. ಮುಂದಿನ ಗುರುವಾರ ಮದುವೆಗೆ ಹೋಗುವವರು 9 ಬಿ ಪೀರಿಯಡ್ಡನ್ನು ಅದೇ ಕ್ಲಾಸಿನ ಇನ್ನೊಬ್ಬ ಟೀಚರ್ ಜೊತೆ ಬದಲಾಯಿಸಿಕೊಳ್ಳಲಿ, ವಾಪಸ್ ಬಂದು ಅವರ ಪೀರಿಯಡ್ ತಾವು ತಗೊಳ್ಳಲಿ. ಇಬ್ಬರ ಪಾಠವೂ ಮುಂದೆ ಹೋಗುತ್ತೆ, ಮಕ್ಕಳೂ ಸುಮ್ನೆ ಕೂರಲ್ಲ, ರಿಜಿಸ್ಟರ್‌ನಲ್ಲಿ ಸೊನ್ನೆ.

ಲೆಕ್ಕಕ್ಕೂ ಒಂದು ಮಿತಿ ಇದೆ. ಯಾವ ಹೊತ್ತಲ್ಲೂ ಒಂಬತ್ತು ಸೆಕ್ಷನ್‌ಗೆ ಒಂಬತ್ತು ಜನ ಬೇಕು, 14ರಲ್ಲಿ ಐದು ಜನ ಮಾತ್ರ ಮಿಕ್ಕುತ್ತಾರೆ. ಮೂವರು ಇಲ್ಲ ಅಂದರೆ ಇಬ್ಬರೇ. ಲಗ್ನದ ದಿನವೋ ಹೊರಗಿನ ಸರ್ಕಾರಿ ಕೆಲಸದ ಓ.ಓ.ಡಿ. ಬಿದ್ದ ದಿನವೋ ಐವರು ಇಲ್ಲ ಅಂದರೆ, ಯಾರಿಗೂ ಒಂದೂ ಬಿಡುವು ಉಳಿಯಲ್ಲ. ಅಂಥ ದಿನ ಪಟ್ಟಿ ಬರೆಯುವವರು ಒದ್ದಾಡಬಾರದು. ಎರಡು ಸೆಕ್ಷನ್ ಸೇರಿಸಬೇಕೋ, ಒಂದು ಕ್ಲಾಸನ್ನು ಲೈಬ್ರರಿಗೆ ಕಳಿಸಬೇಕೋ ಎಂದು ಹೆಚ್.ಎಂ. ತೀರ್ಮಾನಿಸಲಿ. ಇದನ್ನು ಅವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ ಅಂದೆ, ಗಲಾಟೆ ಆದ ದಿನ ಅಲ್ಲ.

ಕೊನೆಯದಾಗಿ, ಲೆಕ್ಕದ ಹಾಳೆ ಸ್ಟಾಫ್ ರೂಮಿನ ಗೋಡೆ ಮೇಲಿರಲಿ, ನಿಮ್ಮ ಹೆಸರೂ ಅದರಲ್ಲೇ ಇರಲಿ ಅಂದೆ. ಇದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ‘ನಾನೇ ಹೋಗಿಬಿಡ್ತೀನಿ’ ಅನ್ನುವುದರಲ್ಲಿ ಒಂದು ಹೆಮ್ಮೆ ಇತ್ತು, ಅದನ್ನು ಬಿಡಬೇಕಿತ್ತು. ಎರಡು ವಾರ ಹಾಳೆ ಬ್ಯಾಗಲ್ಲೇ ಇಟ್ಟುಕೊಂಡು ಓಡಾಡಿದರಂತೆ.

ಹಾಕಿದ ಮೇಲೆ ಹಿರಿಯ ಮೇಷ್ಟ್ರೊಬ್ಬರು ಬಂದು ತಮ್ಮ ಸಾಲಿನ ಎದುರು ನಿಂತು, ಮಂಗಳವಾರದ್ದು ಒಂದು ಬಿಟ್ಟಿದ್ದೀರಿ ಅಂದರು. ಬಿಟ್ಟೇ ಹೋಗಿತ್ತು, ಸೇರಿಸಿದರು. ಆ ವಾರ ಅವರು ಎರಡು ಪೀರಿಯಡ್ ಹೋದರು, ನೋಡೋಣಮ್ಮ ಅನ್ನದೆ.

ಎರಡು ತಿಂಗಳ ನಂತರ ಗಣಿತದ ಟೀಚರ್ ಫೋನ್ ಮಾಡಿದ್ದರು. ಅವತ್ತು ಬೆಳಿಗ್ಗೆ ಗಡಿಬಿಡಿಯಲ್ಲಿ, ಹಳೇ ಅಭ್ಯಾಸದಿಂದ ಹೊಸ ಟೀಚರ್ ಹೆಸರು ಬರೆದಿದ್ದರಂತೆ. ಆ ಹುಡುಗಿ ಹಾಳೆ ತೋರಿಸಿ, ‘ಇವತ್ತು ನನ್ನದಲ್ಲ ಮೇಡಂ’ ಅಂದಳಂತೆ. ಒಂದು ನಿಮಿಷ ಮೈ ಉರಿಯಿತು ಅಂದರು. ಆಮೇಲೆ ಲೆಕ್ಕ ನೋಡಿದರೆ, ಹೋಗಬೇಕಿದ್ದದ್ದು ಇವರೇ.