590 ರೂಪಾಯಿಯ ಸಾಲು

ಪ್ರಶ್ನೆ: ಜೂನ್ 17ರಂದು ಅಣ್ಣ ಎನ್‌ಇಎಫ್‌ಟಿಯಲ್ಲಿ 6,000 ಕಳಿಸಿದ. ಅದೇ ದಿನ 590 ರೂಪಾಯಿ ಕಟ್ ಆಗಿದೆ. ಸ್ಟೇಟ್‌ಮೆಂಟಿನಲ್ಲಿ `ECS RTN CHGS 0506` ಅಂತಿದೆ. ನಾನು ಯಾವ ಇಸಿಎಸ್‌ಗೂ ಸಹಿ ಹಾಕಿಲ್ಲ. ಎನ್‌ಇಎಫ್‌ಟಿ ಹಣ ಬಂದರೆ ಚಾರ್ಜ್ ಹಾಕುತ್ತಾರಾ?

ತಿಂಗಳಿಗೆ ನಾಲ್ಕು ಜನರಾದರೂ ಇದನ್ನೇ ಕೇಳುತ್ತೀರಿ. ಇಲ್ಲ, ಹಣ ಬಂದದ್ದಕ್ಕೆ ಚಾರ್ಜ್ ಇಲ್ಲ. ಆ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 0506, ಅಂದರೆ ಜೂನ್ 5. ಇಸಿಎಸ್ ಅಂದರೆ ಕಂತಿನ ಹಣವನ್ನು ಖಾತೆಯಿಂದ ತಾನಾಗಿ ಹಿಡಿಯುವ ವ್ಯವಸ್ಥೆ. ಅವತ್ತು ಯಾವುದೋ ಕಂತು ಹಿಡಿಯುವ ಕೋರಿಕೆ ನಿಮ್ಮ ಖಾತೆಗೆ ಬಂದಿದೆ, ಹಣವಿಲ್ಲದೆ ವಾಪಸ್ ಹೋಗಿದೆ. `RTN` ಎಂದರೆ ಆ ವಾಪಸಾತಿ. ದಂಡ ಹಿಡಿಯಲೂ ಖಾತೆಯಲ್ಲಿ ದುಡ್ಡಿರಲಿಲ್ಲ. ಬ್ಯಾಂಕು ಬಾಕಿ ಬರೆದಿಟ್ಟು, ಅಣ್ಣನ ಹಣ ಬಿದ್ದ ಕೂಡಲೇ ಹಿಡಿದುಕೊಂಡಿತು.

ಮೊತ್ತವನ್ನೂ ಪರೀಕ್ಷಿಸಿ. 590ನ್ನು 1.18ರಿಂದ ಭಾಗಿಸಿದರೆ ಸರಿಯಾಗಿ 500. ಉಳಿದ 90 ಶೇ 18ರ ಜಿಎಸ್‌ಟಿ. 295 ಇದ್ದರೆ 250 ಬರುತ್ತದೆ. ಹೀಗೆ ದುಂಡು ಸಂಖ್ಯೆ ಬಂದರೆ ಅದು ಬಹುತೇಕ ಬ್ಯಾಂಕಿನದೇ ಶುಲ್ಕ. 436 ಅಥವಾ 20 ಹೀಗೆ ಭಾಗವಾಗುವುದಿಲ್ಲ: ಅವು ಪ್ರಧಾನಮಂತ್ರಿ ಜೀವನ್ ಜ್ಯೋತಿ ಮತ್ತು ಸುರಕ್ಷಾ ವಿಮೆಯ ವಾರ್ಷಿಕ ಕಂತುಗಳು.

ಸಹಿ ಹಾಕಿಲ್ಲ ಅನ್ನುತ್ತೀರಿ. ಕಂತಿನಲ್ಲಿ ಮೊಬೈಲ್ ಕೊಂಡಾಗ ಅಂಗಡಿಯವನಿಗೆ ಓಟಿಪಿ ಹೇಳಿದಿರಲ್ಲ, ಅದೇ ಸಹಿ. ಅದನ್ನು ಮ್ಯಾಂಡೇಟ್ ಅನ್ನುತ್ತಾರೆ. ಈಗ ಇದೆಲ್ಲ ನಾಚ್ ವ್ಯವಸ್ಥೆಯಲ್ಲಿ ನಡೆಯುತ್ತದೆ, ಇಸಿಎಸ್ ಅನ್ನುವ ಹಳೆಯ ಹೆಸರು ಮಾತ್ರ ಕೆಲವು ಬ್ಯಾಂಕುಗಳ ಕಂಪ್ಯೂಟರಿನಲ್ಲಿ ಉಳಿದುಕೊಂಡಿದೆ. ಕಂತು ಸರಿಯಾಗಿ ಕಟ್ ಆದ ಯಾವುದಾದರೂ ತಿಂಗಳಿನ ಸಾಲು ಹುಡುಕಿ: `ACH D-` ಎಂದು ಶುರುವಾಗಿ ಪಕ್ಕದಲ್ಲಿ ಫೈನಾನ್ಸ್ ಕಂಪನಿಯ ಹೆಸರಿರುತ್ತದೆ. ನೀವು ಸಾಲ ಪಡೆಯದ ಕಂಪನಿಯ ಹೆಸರಿದ್ದರೆ ಶಾಖೆಗೆ ಹೋಗಿ ಮ್ಯಾಂಡೇಟ್ ಪಟ್ಟಿ ಕೇಳಿ, ಆ ಮ್ಯಾಂಡೇಟಿನ ಗುರುತಾದ ಯುಎಂಆರ್‌ಎನ್ ಸಂಖ್ಯೆ ಬರೆದು ರದ್ದು ಮಾಡಿಸಿ. ಸಾಲ ನಿಮ್ಮದೇ ಆಗಿದ್ದರೆ ರದ್ದು ಮಾಡಿಸುವ ಜಾಣತನ ಬೇಡ. ಫೈನಾನ್ಸಿನವರೂ ಬೇರೆ ದಂಡ ಹಾಕುತ್ತಾರೆ. ಹಣವಿಲ್ಲದೆ ಕಂತು ವಾಪಸಾದರೆ 2007ರ ಪಾವತಿ ಕಾಯ್ದೆಯ 25ನೇ ಕಲಮಿನಲ್ಲಿ ಚೆಕ್ ಬೌನ್ಸಿನಂತೆಯೇ ಕೇಸು ಹಾಕಬಹುದು.

‘590 ವಾಪಸ್ ಕೊಡಿಸ್ತೀವಿ’ ಎಂದು ಕರೆ ಮಾಡುವವರಿಗೆ ಕಾರ್ಡ್ ನಂಬರ್ ಕೊಟ್ಟು ಆಮೇಲೆ ನನಗೆ ಪತ್ರ ಬರೆಯಬೇಡಿ.

ಪ್ರಶ್ನೆ: `IMPS` ಪಕ್ಕದ 12 ಅಂಕಿ ಕಳಿಸಿದವರ ಖಾತೆ ಸಂಖ್ಯೆಯೇ?

ಅಲ್ಲ, ಆ ವ್ಯವಹಾರದ ಗುರುತು ಸಂಖ್ಯೆ, ದೂರಿಗೆ ಬೇಕಾಗುತ್ತದೆ.

ಪ್ರಶ್ನೆ: `ATM WDL` ಎರಡು ಸಲ ಇದೆ, ಹಣ ಬಂದದ್ದು ಒಂದೇ ಸಲ.

ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಹಣ ಮರಳದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಬ್ಯಾಂಕೇ ನಿಮಗೆ ಕೊಡಬೇಕು. ಕೇಳಿ ಪಡೆಯಿರಿ.